ಸೊನ್ನೆ ಖರ್ಚಿನ ಮನೆಗಳನ್ನು ಲೆಕ್ಕಕ್ಕೆ ತರುವುದು ಹೇಗೆ?

ಕಳೆದ ವರ್ಷ ಫ್ರಿಜ್, ಟಿವಿ, ವಾಷಿಂಗ್ ಮಷಿನ್‌ಗಳಿಗೆ ಎಷ್ಟು ಖರ್ಚಾಯಿತು ಎಂದು ಮನೆಮನೆಗೆ ಹೋಗಿ ಕೇಳಿದರೆ ಬಹಳ ಮನೆಗಳಲ್ಲಿ ಸಿಗುವ ಉತ್ತರ ಸೊನ್ನೆ. ಆದಾಯಕ್ಕೂ ಈ ಖರ್ಚಿಗೂ ಇರುವ ನಂಟನ್ನು ಸಾಮಾನ್ಯ ರಿಗ್ರೆಷನ್ನಿನಲ್ಲಿ ಸರಳರೇಖೆಯಾಗಿ ಎಳೆದರೆ, ಬಡ ಮನೆಗಳ ಖರ್ಚು ಸೊನ್ನೆಗಿಂತಲೂ ಕೆಳಗಿಳಿದೀತು. ಸೊನ್ನೆಯ ಮನೆಗಳನ್ನು ಕೈಬಿಟ್ಟರೆ ಕೊಂಡವರ ಕಥೆಯಷ್ಟೇ ಉಳಿಯುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1958ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಅಲ್ಲಿನ 735 ಕುಟುಂಬ ಘಟಕಗಳು ಬಾಳಿಕೆ ಬರುವ ವಸ್ತುಗಳಿಗೆ ಮಾಡಿದ ಖರ್ಚೇ ಅವರ ಉದಾಹರಣೆ. ಪ್ರತಿ ಮನೆಗೂ ಕಣ್ಣಿಗೆ ಕಾಣದ ‘ಕೊಳ್ಳುವ ಒಲವು’ ಒಂದಿದೆ, ಅದು ಸೊನ್ನೆಗಿಂತ ಮೇಲಿದ್ದರೆ ಅಷ್ಟೇ ಖರ್ಚಾಗಿ ಕಾಣುತ್ತದೆ, ಕೆಳಗಿದ್ದರೆ ಸೊನ್ನೆ ಎಂದು ದಾಖಲಾಗುತ್ತದೆ ಎಂದು ಅವರು ಭಾವಿಸಿದರು. ಈ ಸೆನ್ಸಾರ್ಡ್ ರಿಗ್ರೆಷನ್ನಿಗೆ ಮುಂದೆ ‘ಟೋಬಿಟ್’ ಎಂಬ ಹೆಸರು ಬಂತು.

ಎಡವುವುದು ಉತ್ತರ ಓದುವಾಗ. ಊಹೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ. ತಿಂಗಳ ಆದಾಯ 1,000 ರೂಪಾಯಿ ಹೆಚ್ಚಿದರೆ ಒಲವು 200 ರೂಪಾಯಿ ಏರುತ್ತದೆ ಎಂದು ಟೋಬಿಟ್ ಹೇಳಿತು. ಒಂದೇ ಆದಾಯದ 1,000 ಮನೆಗಳಿವೆ, ಅವುಗಳ ಒಲವಿನ ಸರಾಸರಿ ಸೊನ್ನೆಗಿಂತ 5,000 ಕೆಳಗೆ, ಹರವು 10,000. ಆಗ ಕೊಂಡಿರುವುದು ಸುಮಾರು 308 ಮನೆಗಳು, ಅವುಗಳ ಸರಾಸರಿ ಖರ್ಚು ಸುಮಾರು 6,410 ರೂಪಾಯಿ.

ಎಲ್ಲರ ಆದಾಯವೂ 1,000 ಹೆಚ್ಚಿತು. ಕೊಳ್ಳುತ್ತಿದ್ದ 308 ಮನೆಗಳು ತಲಾ 200 ಹೆಚ್ಚು ಖರ್ಚು ಮಾಡುತ್ತವೆ. ಸುಮಾರು ಏಳು ಮನೆಗಳು ಹೊಸದಾಗಿ ಸೊನ್ನೆ ದಾಟುತ್ತವೆ. ಉಳಿದವರ ಒಲವು ಏರಿದರೂ ಅಂಗಡಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಾಗಿ ಸಾವಿರ ಮನೆಗಳ ಮೇಲೆ ಹಂಚಿದರೆ ಏರಿಕೆ ಮನೆಯೊಂದಕ್ಕೆ 62 ರೂಪಾಯಿ ಮಾತ್ರ, ಅಂದರೆ 200ನ್ನು ಕೊಳ್ಳುವ ಸಂಭವನೀಯತೆಯಿಂದ ಗುಣಿಸಿದಷ್ಟು. ಒಟ್ಟು ಮಾರಾಟ ಎಷ್ಟು ಹೆಚ್ಚೀತು ಎಂಬ ಪ್ರಶ್ನೆಗೆ ಇದೇ ಉತ್ತರ. ನೂರಕ್ಕೆ 84 ಮನೆಗಳು ಕೊಳ್ಳುವ ಸ್ಥಿತಿವಂತ ವರ್ಗದಲ್ಲಿ ಅದೇ ಏರಿಕೆ 168 ರೂಪಾಯಿ. ಆದ್ದರಿಂದ ಯಾವ ಮನೆಗಳ ಲೆಕ್ಕ ಎಂದು ಹೇಳದೆ ಪರಿಣಾಮವನ್ನು ವರದಿ ಮಾಡುವುದು ಸರಿಯಲ್ಲ.

ಕೊಂಡವರ ಸರಾಸರಿ ಮಾತ್ರ ಸುಮಾರು 54 ರೂಪಾಯಿಯಷ್ಟೇ ಏರುತ್ತದೆ. ಹಳಬರು 54 ಹೆಚ್ಚು ಖರ್ಚು ಮಾಡಿದರು ಎಂದು ಇದನ್ನು ಓದುವವರು ಬಹಳ. ಅದು ತಪ್ಪು. ಹಳಬರು ತಲಾ 200 ಏರಿಸಿದ್ದಾರೆ. ಹೊಸಬರು ಚಿಕ್ಕ ಮೊತ್ತದೊಂದಿಗೆ ಸೇರಿ ಸರಾಸರಿಯನ್ನು ಕೆಳಗೆಳೆದಿದ್ದಾರೆ.

ಟೋಬಿಟ್‌ನ ದೌರ್ಬಲ್ಯವೂ ಇಲ್ಲೇ ಇದೆ. ಆಗಷ್ಟೇ ಸೊನ್ನೆ ದಾಟಿದ ಮನೆ ನೂರು-ಇನ್ನೂರು ರೂಪಾಯಿಯ ಖರೀದಿ ಮಾಡುತ್ತದೆ ಎಂದು ಅದು ನಂಬುತ್ತದೆ. ಆ ಬೆಲೆಗೆ ಫ್ರಿಜ್ ಎಲ್ಲಿ ಸಿಗುತ್ತದೆ? ಜೊತೆಗೆ, ಹೋದ ವರ್ಷವಷ್ಟೇ ಕೊಂಡವರ ಸೊನ್ನೆಯೂ ಕೊಳ್ಳಲಾಗದವರ ಸೊನ್ನೆಯೂ ಅದಕ್ಕೆ ಒಂದೇ. ಅನುಮಾನ ಬಂದರೆ ಕೊಂಡರೇ ಇಲ್ಲವೇ ಎಂಬುದಕ್ಕಷ್ಟೇ ಪ್ರತ್ಯೇಕವಾಗಿ ಪ್ರೋಬಿಟ್ ಹಾಕಿ ನೋಡಬೇಕು. ಅದರ ಗುಣಾಂಕ 200ನ್ನು 10,000ದಿಂದ ಭಾಗಿಸಿದ 0.02ರ ಆಸುಪಾಸಿನಲ್ಲಿರಬೇಕು. ಬಹಳ ದೂರ ಸರಿದಿದ್ದರೆ, ಕೊಳ್ಳುವ ನಿರ್ಧಾರವನ್ನೂ ಮೊತ್ತವನ್ನೂ ಬೇರೆಬೇರೆಯಾಗಿ ಅಳೆಯುವ, 1971ರಲ್ಲಿ ಜಾನ್ ಕ್ರ್ಯಾಗ್ ಮುಂದಿಟ್ಟ ಎರಡು ಹಂತದ ಮಾದರಿ ಹೆಚ್ಚು ಹೊಂದುತ್ತದೆ.