ಐದನೇ ಬೀಕರಿನ ಸಾಕ್ಷಿ

ಜುಲೈ ತಿಂಗಳ ಒಂದು ಬೆಳಿಗ್ಗೆ ಮಲೆನಾಡಿನ ಸೆರಗಿನಲ್ಲಿರುವ ಸಣ್ಣ ಪಟ್ಟಣವೊಂದರ ನೀರು ಶುದ್ಧೀಕರಣ ಘಟಕಕ್ಕೆ ಹೋಗಿದ್ದೆ. ಮೂರು ದಿನ ಬಿಡದೆ ಸುರಿದ ಮಳೆಗೆ ಹೊಳೆ ಕೆಂಪಗೆ ಹರಿಯುತ್ತಿತ್ತು. ರಾತ್ರಿ ಪಾಳಿಯ ಆಪರೇಟರ್ ಕಣ್ಣುಜ್ಜಿಕೊಳ್ಳುತ್ತಾ ಕೆಮಿಸ್ಟ್ ಮುಂದೆ ನಿಂತಿದ್ದರು. 'ಮೇಡಂ, ಆಲಂ ಹಾಕಿ ಹಾಕಿ ಸಾಕಾಯ್ತು. ಹನ್ನೆರಡು ಚೀಲದ ಲೆಕ್ಕಕ್ಕೆ ಏರಿಸಿದೀನಿ, ಆದ್ರೂ ನೀರು ತಿಳಿ ಆಗ್ತಿಲ್ಲ. ಫಿಲ್ಟರ್ ಎರಡೆರಡು ಗಂಟೆಗೆ ಕಟ್ಕೋತಿದೆ.'

ಆಲಂ ಎಂದರೆ ಪಟಿಕ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಕಲ್ಲಿನ ಹತ್ತಿರದ ನೆಂಟ. ಹೊಳೆಯ ಮಣ್ಣಿನ ಅತಿಸಣ್ಣ ಕಣಗಳ ಮೈಮೇಲೆಲ್ಲ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂಡುತ್ತಾ ದಿನಗಟ್ಟಲೆ ತೇಲುತ್ತವೆ. ಆಲಂ ಬಿದ್ದಾಗ ಆ ದೂಡಾಟ ನಿಂತು, ಅದರಿಂದಲೇ ಹುಟ್ಟುವ ಅಂಟಂಟು ಜೆಲ್ಲಿಗೆ ಕಣಗಳು ಮೆತ್ತಿಕೊಂಡು, ಹಿಂಜಿದ ಹತ್ತಿಯ ಚೂರುಗಳಂತೆ ದಪ್ಪವಾಗಿ ತಳ ಸೇರುತ್ತವೆ. ಈ ಚೂರಿಗೆ ಘಟಕದವರು ಫ್ಲಾಕ್ ಅನ್ನುತ್ತಾರೆ.

ಹಾಗಾದರೆ ಮಣ್ಣು ಹತ್ತರಷ್ಟಾದರೆ ಆಲಂ ಕೂಡ ಹತ್ತರಷ್ಟು ಬೇಕಲ್ಲವೇ? ಬೇಡ. ನೀರು ದಟ್ಟವಾದಷ್ಟೂ ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು ಹೆಚ್ಚಿ, ಕೂಡಿಕೊಳ್ಳುವುದು ಸುಲಭವಾಗುತ್ತದೆ. ಕದಡಿನ ಅಂಕಿಯಿಂದ ಆಲಂ ಪ್ರಮಾಣ ಹೇಳುವ ಸೂತ್ರ ಇಲ್ಲ. ಆ ದಿನದ ನೀರನ್ನೇ ಕೇಳಬೇಕು. ಹಾಗೆ ಕೇಳುವ ಬಗೆಯೇ ಜಾರ್ ಟೆಸ್ಟ್.

ಕೆಮಿಸ್ಟ್ ಮೊದಲು ಹೊಳೆ ನೀರನ್ನು ಅಳೆದರು. ಕದಡು 420 ಎನ್‌ಟಿಯು, ಪಿಎಚ್ 7.0, ಕ್ಷಾರತೆ ಲೀಟರಿಗೆ 28 ಮಿಲಿಗ್ರಾಂ. ಎನ್‌ಟಿಯು ಎಂದರೆ ನೀರೊಳಗೆ ಬಿಟ್ಟ ಬೆಳಕು ಎಷ್ಟು ಚದುರುತ್ತದೆ ಎನ್ನುವ ಅಳತೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 1, ಬೇರೆ ದಾರಿ ಇಲ್ಲದಿದ್ದರೆ 5. ಕ್ಷಾರತೆಯ ಅಂಕಿ ಕಂಡು ಅವರು 'ಹೂಂ' ಅಂದರು. ಆ 'ಹೂಂ' ಯಾಕೆಂದು ನನಗೆ ತಿಳಿದದ್ದು ಒಂದೂವರೆ ಗಂಟೆಯ ಮೇಲೆ.

ಆರು ಬೀಕರ್, ಒಂದೊಂದರಲ್ಲೂ ಒಂದು ಲೀಟರ್ ಹೊಳೆ ನೀರು. ಮೇಲೆ ಒಂದೇ ಮೋಟಾರಿಗೆ ಸಿಕ್ಕಿಸಿದ ಆರು ಅಲಗುಗಳು. ಪಕ್ಕದಲ್ಲಿ ಆಲಂ ದ್ರಾವಣ: ಲೀಟರ್ ನೀರಿಗೆ ಹತ್ತು ಗ್ರಾಂ ಆಲಂ. ಇದರ ಒಂದು ಮಿಲಿಲೀಟರಿನಲ್ಲಿ ಹತ್ತು ಮಿಲಿಗ್ರಾಂ ಇರುವುದರಿಂದ ಲೆಕ್ಕ ಬಾಯಲ್ಲೇ ಆಗುತ್ತದೆ. ಆಲಂ ಮಾತ್ರ ಘಟಕದ ಚೀಲದ್ದೇ ಇರಬೇಕು, ಅವತ್ತೇ ಕರಗಿಸಿದ್ದಿರಬೇಕು. ಬಾಟಲಿಯ ಶುದ್ಧ ಆಲಂ ತಂದು ಪರೀಕ್ಷೆ ಮಾಡಿದರೆ ಹೊರಗಿನ ತೊಟ್ಟಿಯಲ್ಲಿ ಕರಗಿರುವ ಮಾಲಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಆರು ಸಿರಿಂಜುಗಳಲ್ಲಿ ಎರಡರಿಂದ ಏಳು ಮಿಲಿಲೀಟರ್ ತನಕ ತುಂಬಿಟ್ಟುಕೊಂಡು, ಅಲಗುಗಳು ನಿಮಿಷಕ್ಕೆ ನೂರು ಸುತ್ತು ತಿರುಗುತ್ತಿರುವಾಗ ಸಹಾಯಕಿಯ ಜೊತೆ ಸೇರಿ ಒಂದೇ ಏಟಿಗೆ ಆರಕ್ಕೂ ಸುರಿದರು. ಒಂದಾದ ಮೇಲೊಂದು ನಿಧಾನ ಹಾಕುತ್ತಾ ಹೋದರೆ ಮೊದಲ ಬೀಕರಿಗೂ ಕೊನೆಯದಕ್ಕೂ ಬೇರೆ ಬೇರೆ ಕಾಲ ಸಿಕ್ಕಿ ಹೋಲಿಕೆಯೇ ಕೆಡುತ್ತದೆ. ಒಂದು ನಿಮಿಷದ ನಂತರ ವೇಗ ಮೂವತ್ತಕ್ಕೆ ಇಳಿಯಿತು. ಇನ್ನೂ ಜೋರಾಗಿ ತಿರುವಿದರೆ ಕೂಡಿದ ಫ್ಲಾಕ್ ಮತ್ತೆ ಚೂರಾಗುತ್ತದೆ. ಹೀಗೆ ಇಪ್ಪತ್ತು ನಿಮಿಷ ತಿರುಗಿಸಿ, ಅಲಗು ನಿಲ್ಲಿಸಿ, ಅರ್ಧ ಗಂಟೆ ಮುಟ್ಟದೆ ಬಿಟ್ಟರು. ಬಿಸಿಲು ಬೀಳದಿರಲೆಂದು ಕಿಟಕಿ ಪರದೆಯನ್ನೂ ಎಳೆದರು. ಬೀಕರ್ ಬೆಚ್ಚಗಾದರೆ ಒಳಗೆ ನೀರು ಸುಳಿದಾಡಿ ಫ್ಲಾಕ್ ಕೂರುವುದಿಲ್ಲವಂತೆ.

ಮೇಲಿನ ನೀರನ್ನು ಬಗ್ಗಿಸಿ ತೆಗೆಯಲಿಲ್ಲ. ಮಟ್ಟದಿಂದ ಎರಡು ಬೆರಳು ಕೆಳಗೆ ಪಿಪೆಟ್ ಇಳಿಸಿ, ಎಲ್ಲ ಬೀಕರಿನಿಂದಲೂ ಅಷ್ಟೇ ಆಳದಿಂದ ಎಳೆದರು. 20 ಮಿಲಿಗ್ರಾಂ ಹಾಕಿದ್ದರಲ್ಲಿ ಕದಡು 46. 30ಕ್ಕೆ 18. 40ಕ್ಕೆ 7. ಮುಂದಿನದು ಇನ್ನೂ ಇಳಿಯುತ್ತದೆ ಎಂದುಕೊಂಡೆ. 50ಕ್ಕೆ 9, 60ಕ್ಕೆ 21, 70ಕ್ಕೆ 40!

ಐದನೇ ಬೀಕರನ್ನು ಬೆಳಕಿಗೆ ಹಿಡಿದು ಆಪರೇಟರಿಗೆ ತೋರಿಸಿದರು. ಹತ್ತಿಯಂಥ ಚೂರುಗಳ ಬದಲು ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಮಂಜಿನ ಹಾಗೆ ನಿಂತಿದ್ದವು. 'ನೋಡಿ ಅಣ್ಣ, ರಾತ್ರಿ ನೀವು ಊರಿಗೆ ಹಾಕಿದ್ದು ಇಷ್ಟೇ. ಲೀಟರಿಗೆ ಅರವತ್ತು.'

ಆಲಂ ಜೆಲ್ಲಿಯಾಗುವಾಗ ನೀರಿನ ಕ್ಷಾರತೆಯನ್ನು ತಿನ್ನುತ್ತದೆ: ಒಂದು ಮಿಲಿಗ್ರಾಂ ಆಲಂಗೆ ಸುಮಾರು ಅರ್ಧ ಮಿಲಿಗ್ರಾಂ. ಹೊಳೆಯಲ್ಲಿ ಇದ್ದದ್ದೇ 28. ಮಳೆನೀರು ಕಲ್ಲು ಮಣ್ಣಿನ ಜೊತೆ ಹೆಚ್ಚು ಹೊತ್ತು ಕಳೆಯದೆ ನೇರ ಹೊಳೆಗೆ ಬಂದುಬಿಡುವುದರಿಂದ ಘಟ್ಟದ ಹೊಳೆಗಳು ಮಳೆಗಾಲದಲ್ಲಿ ಹೀಗೆ ತೆಳ್ಳಗಿರುತ್ತವೆ. 40 ಹಾಕಿದರೆ 20 ಖರ್ಚಾಗಿ 8 ಉಳಿಯುತ್ತದೆ. 60ಕ್ಕೆ 30 ಬೇಕು, ಅಷ್ಟು ಇಲ್ಲವೇ ಇಲ್ಲ. ಆಗ ಪಿಎಚ್ ಕುಸಿಯುತ್ತದೆ, ಜೆಲ್ಲಿ ಕಟ್ಟುವುದಿಲ್ಲ, ಅಲ್ಯೂಮಿನಿಯಂ ಕರಗಿದ ರೂಪದಲ್ಲೇ ಫಿಲ್ಟರಿನ ಮರಳನ್ನೂ ದಾಟಿ ಮುಂದೆ ಹೋಗುತ್ತದೆ. ಐದನೇ ಬೀಕರಿಗೆ ಪಿಎಚ್ ಮೀಟರ್ ಅದ್ದಿದಾಗ ಅಂಕಿ ಐದಕ್ಕಿಂತ ಕೆಳಗಿತ್ತು. ಆಪರೇಟರರ ಕಷ್ಟ ಅರ್ಥವಾಗುವಂಥದ್ದೇ: ನೀರು ಕೆಂಪಾದರೆ ವಾಲ್ವ್ ತಿರುಗಿಸು, ಕೆಟ್ಟರೆ ಇನ್ನಷ್ಟು ತಿರುಗಿಸು ಎಂದೇ ಅವರಿಗೆ ಯಾರೋ ಕಲಿಸಿದ್ದರು. ಮಳೆಗಾಲದಲ್ಲಿ ಕದಡನ್ನಷ್ಟೇ ಅಳೆದು ಕ್ಷಾರತೆಯನ್ನು ಬಿಟ್ಟರೆ ಜಾರ್ ಟೆಸ್ಟ್ ಅರ್ಧವೇ ಆಯಿತು ಎಂದು ನನಗನ್ನಿಸಿದ್ದು ಆಗ.

ಮೂರನೇ ಬೀಕರಿನ 7 ಕೆಟ್ಟದ್ದೇನಲ್ಲ. ಫಿಲ್ಟರಿಗೆ ಹೋಗುವ ನೀರು ಹತ್ತರೊಳಗಿದ್ದರೆ ಸಾಕು. ಆದರೆ ಅದರ ಪಿಎಚ್ 5.9ಕ್ಕೆ ಇಳಿದಿತ್ತು. ಕುಡಿಯುವ ನೀರು 6.5ರ ಕೆಳಗೆ ಇರಕೂಡದು. ಹುಳಿನೀರು ಕಬ್ಬಿಣದ ಪೈಪನ್ನು ತಿನ್ನುತ್ತದೆ. ಹಾಗಾಗಿ ಎರಡನೇ ಸುತ್ತು. ಈ ಸಲ ಆರಕ್ಕೂ ಆಲಂ 40, ಬದಲಾಗುವುದು ಸುಣ್ಣ: ಒಂದರಲ್ಲಿ ಇಲ್ಲ, ಉಳಿದವಕ್ಕೆ 4, 8, 12, 16, 20. ಸುಣ್ಣವಿಲ್ಲದ್ದು ಮತ್ತೆ 7ಕ್ಕೇ ನಿಂತಿತು, ಅಂದರೆ ಮೊದಲ ಸುತ್ತು ಸುಳ್ಳಾಡಿರಲಿಲ್ಲ. 8ಕ್ಕೆ 3.4, 12ಕ್ಕೆ 2.6, 16ಕ್ಕೆ 2.5. ಎಲ್ಲಕ್ಕಿಂತ ತಿಳಿಯಾದದ್ದು ಹದಿನಾರರ ಬೀಕರ್. ಅವರು ಆರಿಸಿದ್ದು ಹನ್ನೆರಡನ್ನು. ಬಿಂದುವಿನ ನಂತರದ ಆ ಒಂದು ಅಂಕಿ ಮೀಟರಿನ ಅಲುಗಾಟದಲ್ಲೇ ಕಳೆದುಹೋಗುವಂಥದ್ದು, ಅದಕ್ಕಾಗಿ ದಿನಾ ನಲವತ್ತು ಕಿಲೋ ಸುಣ್ಣ ಸುರಿಯುವುದು ಯಾಕೆ? ಹನ್ನೆರಡರಲ್ಲೇ ಪಿಎಚ್ 6.7 ಬಂದಿತ್ತು.

ಘಟಕ ದಿನಕ್ಕೆ ಶುದ್ಧೀಕರಿಸುವುದು ಒಂದು ಕೋಟಿ ಲೀಟರ್. ಲೀಟರಿಗೆ 40 ಮಿಲಿಗ್ರಾಂ ಅಂದರೆ 400 ಕಿಲೋ, ಐವತ್ತರ ಎಂಟು ಚೀಲ. ಜೊತೆಗೆ 120 ಕಿಲೋ ಸುಣ್ಣ. ಆಲಂ ತೊಟ್ಟಿಯ ದ್ರಾವಣ ಶೇಕಡಾ ಹತ್ತರದ್ದಾದ್ದರಿಂದ ದಿನಕ್ಕೆ 4,000 ಲೀಟರ್, ನಿಮಿಷಕ್ಕೆ ಎರಡೂ ಮುಕ್ಕಾಲು ಚಿಲ್ಲರೆ ಲೀಟರ್ ಬೀಳಬೇಕು. ಆಪರೇಟರ್ ಅಳತೆ ಜಗ್ ಹಿಡಿದು ನಿಂತರು, ಕೆಮಿಸ್ಟ್ ಮೊಬೈಲಿನಲ್ಲಿ ಗಡಿಯಾರ ಹಿಡಿದರು. ಮೊದಲ ಸಲ ನಾಲ್ಕು ಲೀಟರ್ ಬಂತು. ವಾಲ್ವ್ ತುಸು ಮುಚ್ಚಿ ಮತ್ತೆ ಹಿಡಿದರು, ಎರಡೂವರೆ. ಮೂರನೇ ಸಲಕ್ಕೆ ಸರಿಹೋಯಿತು. ಜಾರಿನಲ್ಲಿ ಸಿಕ್ಕ ಅಂಕಿ ಹಾಳಾಗುವುದು ಹೆಚ್ಚಾಗಿ ಈ ಕಟ್ಟೆಯ ಮೇಲೆಯೇ: ಆಲಂ ಗಟ್ಟಿಗಳು ಪೂರಾ ಕರಗದೆ ದ್ರಾವಣ ತೆಳುವಾಗಿರುತ್ತದೆ, ಇಲ್ಲವೇ ಕೊಳವೆಯಲ್ಲಿ ಕೆಸರು ಕಟ್ಟಿರುತ್ತದೆ.

ಹನ್ನೊಂದೂವರೆಗೆ ಹೊಸ ಪ್ರಮಾಣ ಶುರುವಾಯಿತು. ಈಗ ಆಲಂ ಸೇರಿದ ನೀರು ಕ್ಲಾರಿಫೈಯರಿನ ದೊಡ್ಡ ದುಂಡು ತೊಟ್ಟಿಯನ್ನು ದಾಟಿ ಅಂಚಿನಿಂದ ಉಕ್ಕಲು ಮೂರು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಅಂಚಿನಲ್ಲಿ ಹರಿಯುವುದು ರಾತ್ರಿಯ ನೀರೇ. ಹನ್ನೆರಡೂವರೆಗೆ ಆಪರೇಟರ್ ಅಂಚಿನ ನೀರು ನೋಡಿ ಬಂದು, 'ಇನ್ನೂ ಹಂಗೇ ಇದೆ ಮೇಡಂ, ಸ್ವಲ್ಪ ಏರಿಸ್ಲಾ?' ಅಂದರು.

'ಊಟ ಮುಗಿಸ್ಕೊಂಡು ಬನ್ನಿ ಅಣ್ಣ. ಎರಡೂವರೆ ತನಕ ವಾಲ್ವ್ ಮುಟ್ಟಬೇಡಿ,' ಅಂದ ಕೆಮಿಸ್ಟ್, ಹೊಳೆಯಿಂದ ಹೊಸ ಬಕೆಟ್ ನೀರು ತರಿಸಲು ಸಹಾಯಕಿಯನ್ನು ಕೂಗಿದರು. ಮಳೆ ನಿಂತಿತ್ತು, ಮಧ್ಯಾಹ್ನದ ನೀರು ಬೆಳಗಿನದಾಗಿರುವುದಿಲ್ಲ.