ಆಮೆವೇಗದಲ್ಲಿ ಎರಡು ಕ್ಲಚ್

ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್. ಮುಂದಿನ ಕಾರು ಎರಡಡಿ ಸರಿಯುತ್ತದೆ, ನೀವು ಬ್ರೇಕ್ ಮೇಲಿನ ಕಾಲನ್ನು ಅರ್ಧ ಎತ್ತುತ್ತೀರಿ. ಡ್ಯುಯಲ್ ಕ್ಲಚ್ ಕಾರಿಗೆ ಇದೇ ಕಷ್ಟದ ಗಳಿಗೆ.

ಈ ಗೇರ್‌ಬಾಕ್ಸ್‌ನಲ್ಲಿ ಒಂದು ಕ್ಲಚ್ 1, 3, 5ನೇ ಗೇರ್‌ಗಳನ್ನು, ಇನ್ನೊಂದು 2, 4, 6ನ್ನು ನೋಡಿಕೊಳ್ಳುತ್ತದೆ. ಹಳೆಯ ಬಗೆಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇದ್ದು ಎಳೆತವನ್ನು ಮೆತ್ತಗಾಗಿಸುತ್ತದೆ. ಇಲ್ಲಿ ಆ ಕೆಲಸವೂ ಕ್ಲಚ್‌ನದೇ. ಮೊದಲ ಗೇರ್‌ನಲ್ಲಿ ಕ್ಲಚ್ ಪೂರ್ತಿ ಕಚ್ಚಿಕೊಂಡರೆ ಕಾರು ಸುಮಾರು 6–7 ಕಿ.ಮೀ. ವೇಗದಲ್ಲಿ ಓಡಲೇಬೇಕು. ಅದಕ್ಕಿಂತ ನಿಧಾನವಾದರೆ ಫಲಕಗಳು ಜಾರುತ್ತಾ ಉಜ್ಜಿಕೊಳ್ಳುತ್ತವೆ, ಕಾಯುತ್ತವೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ಗೆ ಆ ಬಿಸಿಯನ್ನು ಕಳೆದುಕೊಳ್ಳುವುದು ಇನ್ನೂ ಕಷ್ಟ.

ಹಾಗಾಗಿ ಇಂಚಿಂಚು ತೆವಳಬೇಡಿ. ಒಂದೆರಡು ಕಾರಿನಷ್ಟು ಜಾಗ ಬಿಡುವ ತನಕ ಬ್ರೇಕನ್ನು ಗಟ್ಟಿಯಾಗಿ ಒತ್ತಿ ನಿಲ್ಲಿ. ಆಗ ಕ್ಲಚ್ ಬಿಡಿಸಿಕೊಂಡು ತಣ್ಣಗಾಗುತ್ತದೆ. ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು, ಮೃದುವಾಗಿ ಆಕ್ಸಿಲರೇಟರ್ ಕೊಟ್ಟು ಒಂದೇ ಸಲ ಮುಂದೆ ಹೋಗಿ. ಪಕ್ಕದವರು ನುಗ್ಗುತ್ತಾರೆ, ನುಗ್ಗಲಿ.

10 ಕಿ.ಮೀ. ಆಸುಪಾಸಿನಲ್ಲಿ ಪೆಟ್ಟಿಗೆ ಒಂದು–ಎರಡರ ನಡುವೆ ತೂಗಾಡಿ ಜರ್ಕ್ ಕೊಡುತ್ತಿದ್ದರೆ ಮ್ಯಾನುವಲ್ ಮೋಡ್‌ನಲ್ಲಿ ಮೊದಲ ಗೇರನ್ನೇ ಹಿಡಿದಿಡಿ. ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವುದಂತೂ ಕ್ಲಚ್ಚನ್ನು ಸುಟ್ಟಂತೆಯೇ. ಅಲ್ಲಿ ಬ್ರೇಕೇ ಬೇಕು.

ಹೊರಡುವಾಗ ಗಡಗಡ ನಡುಕ, ಸುಟ್ಟ ವಾಸನೆ, ಇಲ್ಲವೇ ಗೇರ್‌ಬಾಕ್ಸ್ ಕಾದಿದೆಯೆಂಬ ಎಚ್ಚರಿಕೆ ಕಂಡರೆ ಪಕ್ಕಕ್ಕೆ ನಿಲ್ಲಿಸಿ, ತಣಿಯಲು ಬಿಡಿ. ತಣಿದ ಮೇಲೂ ನಡುಕ ಉಳಿದರೆ ಫಲಕ ಸವೆದಿರಬಹುದು, ವರ್ಕ್‌ಶಾಪ್‌ನಲ್ಲಿ ತೋರಿಸಿ.