ಗೃಹಪ್ರವೇಶಕ್ಕೆ ಕರೆದಾಗ ಏನು ಹೇಳಬೇಕು?

ಗೃಹಪ್ರವೇಶದ ಆಹ್ವಾನ ಪತ್ರಿಕೆಯಲ್ಲಿ ಮುಹೂರ್ತ, ಲಗ್ನ, ಮನೆಯ ವಿಳಾಸ ಎಲ್ಲವೂ ನಿಮಿಷ, ಅಡ್ಡರಸ್ತೆ ಸಮೇತ ಅಚ್ಚಾಗಿರುತ್ತವೆ. ಕರೆಯುವ ಸಾಲಿಗೆ ಬಂದಾಗ ಮಾತ್ರ ‘ಸಕುಟುಂಬ ಸಮೇತರಾಗಿ’ ಎಂಬ ಒಂದೇ ಮಾತು. ಆ ಕುಟುಂಬದಲ್ಲಿ ಇಬ್ಬರೋ ಏಳು ಜನರೋ, ಬರುವುದು ಬೆಳಗಿನ ಜಾವಕ್ಕೋ ಊಟದ ಹೊತ್ತಿಗೋ, ಅದನ್ನು ತಿಳಿಸಬೇಕಾದವರು ಕರೆಸಿಕೊಂಡವರು. ಬಹಳ ಮನೆಗಳಲ್ಲಿ ಈ ಉತ್ತರ ಬರುವುದೇ ಇಲ್ಲ. ಬಂದರೂ ‘ನೋಡೋಣ, ಪ್ರಯತ್ನ ಮಾಡ್ತೀವಿ’ ಎಂದಷ್ಟೇ ಇರುತ್ತದೆ. ಬರುವುದಿಲ್ಲ ಎಂದರೆ ಎಲ್ಲಿ ಬೇಜಾರಾಗುತ್ತದೋ ಎಂಬ ಸಂಕೋಚದಿಂದ ಹುಟ್ಟಿದ ಈ ಮಾತು ಕರೆದವರಿಗೆ ಎಷ್ಟು ಕಷ್ಟ ಕೊಡುತ್ತದೆ ಎಂಬುದನ್ನು ಅಡುಗೆ ಮನೆಯ ಕಡೆಯಿಂದ ನೋಡಬೇಕು.

ಅಡುಗೆ ಒಪ್ಪಿಕೊಂಡ ಭಟ್ಟರು ಎರಡು ಮೂರು ದಿನ ಮೊದಲು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಎಲೆ?’ ತರಕಾರಿ, ಹಾಲು, ಬಾಳೆ ಎಲೆ, ಬಡಿಸುವ ಹುಡುಗರು ಎಲ್ಲವೂ ಆ ಲೆಕ್ಕದ ಮೇಲೆ ನಿಂತಿವೆ. ಸಾರು, ಹುಳಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಅವರು ಹೇಗೋ ಸರಿದೂಗಿಸುತ್ತಾರೆ. ಅನ್ನಕ್ಕೆ ಇನ್ನೊಂದು ಪಾತ್ರೆ ಇಡಬಹುದು. ಒಬ್ಬಟ್ಟಿನ ಲೆಕ್ಕ ಹಾಗಲ್ಲ. ಹೂರಣ ರುಬ್ಬಿ, ಉಂಡೆ ಕಟ್ಟಿ, ಒಂದೊಂದಾಗಿ ತಟ್ಟಿ ಬೇಯಿಸಬೇಕಾದ್ದು, ನಡುಹಗಲಲ್ಲಿ ಐವತ್ತು ಜನ ಹೆಚ್ಚಾದರು ಎಂದು ಆ ಹೊತ್ತಿಗೆ ಹೊಸದಾಗಿ ಮಾಡಲಾಗದು. ಕೊನೆಯ ಪಂಕ್ತಿಯವರ ಎಲೆಯಲ್ಲಿ ಅರ್ಧ ಒಬ್ಬಟ್ಟು ಬೀಳುವುದು ಆಗಲೇ. ಆ ಪಂಕ್ತಿಯಲ್ಲಿ ಸಾಮಾನ್ಯವಾಗಿ ಕೂತಿರುವವರು ಬೆಳಗಿನಿಂದ ಓಡಾಡಿದ ಮನೆಯವರೇ.

ಇನ್ನೊಂದು ವಿಷಯ, ಗೃಹಪ್ರವೇಶವೆಂದರೆ ಒಂದು ಹೊತ್ತಿನ ಕಾರ್ಯವಲ್ಲ. ಹಲವರ ಮನೆಗಳಲ್ಲಿ ಹಿಂದಿನ ಸಂಜೆಯೇ ವಾಸ್ತು ಹೋಮ ನಡೆದಿರುತ್ತದೆ. ಮರುದಿನ ನಸುಕಿನಲ್ಲಿ ಹಸು ಕರುವನ್ನು ಒಳಗೆ ಹೊಗಿಸಿ, ದಂಪತಿ ಕಲಶ ಹಿಡಿದು ಬಲಗಾಲಿಟ್ಟು ಒಳಗೆ ಬಂದು, ಹೊಸ ಒಲೆಯ ಮೇಲೆ ಹಾಲು ಉಕ್ಕಿಸುತ್ತಾರೆ. ಆಮೇಲೆ ಗಣಹೋಮ, ಸತ್ಯನಾರಾಯಣ ಪೂಜೆ, ಮಹಾಮಂಗಳಾರತಿ. ಊಟ ಶುರುವಾಗುವಾಗ ಹನ್ನೆರಡೂವರೆ ದಾಟಿರುತ್ತದೆ. ಕರಾವಳಿಯವರು ಇದನ್ನು ಮನೆ ಒಕ್ಕಲು ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ವಾಸ್ತುಶಾಂತಿ ಎಂಬ ಹೆಸರೂ ಉಂಟು. ಕ್ರಮ ಊರಿಂದ ಊರಿಗೆ ಬೇರೆಯಾದರೂ ಬೆಳಗ್ಗೆ ಬರುವವರು, ಊಟಕ್ಕೆ ಬರುವವರು ಎಂಬ ಎರಡು ಗುಂಪು ಎಲ್ಲ ಕಡೆಯೂ ಇರುತ್ತದೆ. ನಸುಕಿಗೆ ಬರುವವರಿಗೆ ಕಾಫಿ, ಉಪ್ಪಿಟ್ಟು ಬೇಕು. ಆದ್ದರಿಂದ ‘ಬರ್ತೀವಿ’ ಎಂಬ ಉತ್ತರಕ್ಕೆ ಎಷ್ಟು ಜನ, ಯಾವ ಹೊತ್ತಿಗೆ ಎಂಬ ಎರಡು ಮಾತು ಸೇರಲೇಬೇಕು.

ಒಂದು ಉದಾಹರಣೆ ಹೀಗಿಟ್ಟುಕೊಳ್ಳಬಹುದು. ಮೈಸೂರಿನ ಒಂದು ಬಡಾವಣೆ, ವೈಶಾಖ ಮಾಸ, ಮುಹೂರ್ತ ಬೆಳಗ್ಗೆ 5.45ಕ್ಕೆ. ಊಟ ತಾರಸಿಯ ಶಾಮಿಯಾನದ ಕೆಳಗೆ, ಒಂದು ಪಂಕ್ತಿಗೆ ನಲವತ್ತು ಎಲೆ. ಕರೆದ ಹೆಂಗಸಿಗೆ ಚಿಕ್ಕಮ್ಮನ ಮಗಳಿಂದ ಬಂದ ಉತ್ತರ ಇದು:

‘ಅಕ್ಕಾ, ಅಂತೂ ಸ್ವಂತ ಮನೆ ಆಯ್ತಲ್ಲ, ಕೇಳಿ ತುಂಬಾ ಖುಷಿಯಾಯ್ತು. ಊಟಕ್ಕೆ ನಾವು ನಾಲ್ಕು ಜನ ಬರ್ತೀವಿ. ನಾನೊಬ್ಬಳು ಬೆಳಗ್ಗೆ ಐದಕ್ಕೇ ಬಂದುಬಿಡ್ತೀನಿ, ರಂಗೋಲಿ, ಹೂವು ಕಟ್ಟೋದು ನನಗೆ ಬಿಡಿ. ನಮ್ಮತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗೇ ಒಂದು ಎಲೆ ಹಾಕಿಸಿದರೆ ಸಾಕು.’

ಈ ನಾಲ್ಕೈದು ಸಾಲಿನಲ್ಲಿ ಕರೆದವರಿಗೆ ಬೇಕಾದದ್ದೆಲ್ಲ ಇದೆ. ಸಂತೋಷ ಮೊದಲು ಬಂದಿದೆ, ಅದೂ ಈ ಮನೆಯನ್ನು ಕಟ್ಟಿದವರ ಕಷ್ಟ ಬಲ್ಲವರ ಸಂತೋಷ. ಎಣಿಕೆ ಸ್ಪಷ್ಟವಾಗಿದೆ. ಕೈಲಾಗುವ ಕೆಲಸವನ್ನು ಹೆಸರಿಟ್ಟು ಹೇಳಿದ್ದರಿಂದ ‘ಏನಾದರೂ ಸಹಾಯ ಬೇಕಿದ್ದರೆ ಹೇಳಿ’ ಎಂಬ ಮಾತಿಗಿಂತ ಹೆಚ್ಚು ಉಪಯೋಗ. ವಯಸ್ಸಾದವರಿಗೆ ಮೆಟ್ಟಿಲು ಹತ್ತಲಾಗದು ಎಂಬುದು ಆ ದಿನ ನೂರು ಜನರ ಮಧ್ಯೆ ಗೊತ್ತಾಗುವ ಬದಲು ಮೂರು ದಿನ ಮೊದಲೇ ಗೊತ್ತಾಗಿದೆ.

ಬರಲಾಗದು ಎನ್ನುವುದು ಇದಕ್ಕಿಂತ ಕಷ್ಟದ ಉತ್ತರ. ಆದರೆ ಅದಕ್ಕೆ ಕಾರಣಗಳು ಸಹಜವಾಗಿಯೇ ಒದಗುತ್ತವೆ. ಆಷಾಢ, ಪಿತೃಪಕ್ಷಗಳಲ್ಲಿ ಶುಭಕಾರ್ಯ ಇಟ್ಟುಕೊಳ್ಳದ್ದರಿಂದ ಮದುವೆ, ಉಪನಯನ, ಗೃಹಪ್ರವೇಶಗಳೆಲ್ಲ ಉಳಿದ ತಿಂಗಳ ಕೆಲವೇ ಒಳ್ಳೆಯ ದಿನಗಳ ಮೇಲೆ ಮುಗಿಬೀಳುತ್ತವೆ. ಒಂದೇ ದಿನ ಮೂರು ಕಡೆ ಕರೆ ಇರುವುದು ವೈಶಾಖದಲ್ಲಿ ಹೊಸತೇನಲ್ಲ, ಕರೆದವರಿಗೂ ಅದು ಗೊತ್ತು. ಮನೆಯಿಂದ ಒಬ್ಬರನ್ನಾದರೂ ಕಳಿಸುವ ಹಳೆಯ ರೂಢಿ ಇಂಥ ಸಂದರ್ಭಕ್ಕಾಗಿಯೇ ಇರುವುದು. ‘ನಾನು ಬೆಳಗ್ಗೆ ಬಂದು ಅಕ್ಷತೆ ಹಾಕಿ ಹೋಗ್ತೀನಿ, ಊಟಕ್ಕೆ ನಿಲ್ಲಲ್ಲ’ ಎಂದರೆ ಒಂದು ಎಲೆಯೂ ಉಳಿಯಿತು, ಬಂದಂತೆಯೂ ಆಯಿತು. ಯಾರೂ ಹೋಗಲಾಗದಿದ್ದರೆ ಉತ್ತರ ಹೀಗಿರಬಹುದು:

‘ಅಣ್ಣಾ, ಮನೆ ಮುಗಿದ ಸುದ್ದಿ ಕೇಳಿ ಅಪ್ಪ ಅಮ್ಮ ಇಬ್ಬರೂ ಸಂತೋಷಪಟ್ಟರು. ಅವತ್ತೇ ಹಾಸನದಲ್ಲಿ ನಾದಿನಿ ಮಗಳ ಮದುವೆ, ಬರೋಕಾಗ್ತಿಲ್ಲ. ನಮ್ಮನ್ನು ಲೆಕ್ಕಕ್ಕೆ ಹಿಡೀಬೇಡಿ. ಮುಂದಿನ ಭಾನುವಾರ ಸಂಜೆ ಮನೆ ನೋಡೋಕೆ ಬರ್ತೀವಿ, ಅತ್ತಿಗೆಗೂ ಹೇಳಿ.’

ಇಲ್ಲಿ ಕಾರಣ ಒಂದೇ, ಅದೂ ಒಂದೇ ವಾಕ್ಯದಲ್ಲಿ. ಮಗುವಿನ ಪರೀಕ್ಷೆ, ಆಫೀಸಿನ ರಜೆ, ಕಾರು ಕೆಟ್ಟದ್ದು ಎಂದು ಕಾರಣಗಳನ್ನು ಪೋಣಿಸತೊಡಗಿದರೆ ಕೇಳುವವರಿಗೆ ಯಾವುದೂ ನಿಜವೆನಿಸುವುದಿಲ್ಲ. ‘ಒಂದು ದಿನ ಖಂಡಿತ ಬರ್ತೀವಿ’ ಎನ್ನುವ ಬದಲು ವಾರ, ಹೊತ್ತು ಹೇಳಿದ್ದೇ ಈ ಉತ್ತರದ ಜೀವಾಳ. ನೆಂಟರೆಲ್ಲ ಹೊರಟ ಮೇಲಿನ ಒಂದು ಸಂಜೆ ಹೊಸ ಮನೆಯವರಿಗೆ ನಿಧಾನವಾಗಿ ಕೂತು ಮಾತಾಡಲು, ದೇವರ ಕೋಣೆಯ ಬಾಗಿಲಿಂದ ಸಂಪಿನವರೆಗೆ ಎಲ್ಲ ತೋರಿಸಲು ಪುರುಸೊತ್ತಿರುತ್ತದೆ. ಗೃಹಪ್ರವೇಶದ ದಿನ ಅವರಿಗೆ ಅದು ಸಾಧ್ಯವಿಲ್ಲ.

ಕರೆದದ್ದು ಹೇಗೆ ಎಂಬುದಕ್ಕೆ ತಕ್ಕಂತೆ ಉತ್ತರವೂ ಇರಬೇಕು. ಮೊಬೈಲಿಗೆ ಬಂದ ಪತ್ರಿಕೆಗೆ ಮೊಬೈಲಿನಲ್ಲೇ ಉತ್ತರಿಸಿದರೆ ನಡೆಯುತ್ತದೆ. ಆದರೆ ಹಿರಿಯರು ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು, ಅಕ್ಷತೆ ಇಟ್ಟು ಕರೆದಿದ್ದರೆ, ಬರಲಾಗದೆಂಬ ಮಾತನ್ನು ಫೋನಿನಲ್ಲಿ, ದನಿ ಕೇಳುವಂತೆ ಹೇಳುವುದೇ ಸರಿ. ಅಮೆರಿಕದಲ್ಲಿರುವ ಮಗನೋ ತಂಗಿಯೋ ಉತ್ತರಿಸುವಾಗ ಗಡಿಯಾರವನ್ನೂ ನೋಡಿಕೊಳ್ಳಬೇಕು. ಮೇ ತಿಂಗಳಲ್ಲಿ ಮೈಸೂರಿನ 5.45ರ ಮುಹೂರ್ತ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ 8.15. ‘ಆ ಹೊತ್ತಿಗೆ ನಾನೇ ವಿಡಿಯೊ ಕಾಲ್ ಮಾಡ್ತೀನಿ, ಫೋನು ಯಾರ ಕೈಲಿರುತ್ತೆ ಹೇಳಿ’ ಎಂದು ಮೊದಲೇ ಕೇಳಿಕೊಂಡವರಿಗೆ ಹಾಲು ಉಕ್ಕುವುದು ಕಾಣುತ್ತದೆ. ಕೇಳಿಕೊಳ್ಳದಿದ್ದರೆ ಕಲಶ ಹಿಡಿದವರ ಜೇಬಿನಲ್ಲಿ ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿರುತ್ತದೆ.

ಸೂತಕವಿದ್ದಾಗಿನ ಉತ್ತರ ತೀರ ಚಿಕ್ಕದು. ‘ನಮಗೆ ಸೂತಕ ಇದೆ, ಕಳೆದ ಮೇಲೆ ಬರ್ತೀವಿ’ ಎಂದರೆ ಸಾಕು, ಕರೆದವರು ಮುಂದೆ ಒತ್ತಾಯಿಸುವುದಿಲ್ಲ. ಅದನ್ನು ಕರೆದವರೊಬ್ಬರಿಗೇ ತಿಳಿಸಬೇಕು. ಎಲ್ಲರೂ ಶುಭಾಶಯ ಹೇಳುತ್ತಿರುವ ಕುಟುಂಬದ ಗುಂಪಿನಲ್ಲಿ ಸಾವಿನ ವಿವರ ಬರೆಯುವುದು ಆ ಮನೆಯ ಹಿರಿಯರ ಮನಸ್ಸಿಗೆ ಕಿರಿಕಿರಿ ತರುತ್ತದೆ.

ಬರುತ್ತೇವೆಂದು ಹೇಳಿ ಆಮೇಲೆ ಜ್ವರವೋ ಇನ್ನೊಂದೋ ಬಂದರೆ ಹಿಂದಿನ ದಿನ ಸಂಜೆಯೊಳಗೆ ತಿಳಿಸಬೇಕು, ಏಕೆಂದರೆ ರಾತ್ರಿ ಹೂರಣಕ್ಕೆ ಬೇಳೆ ಬೇಯಲು ಇಡುವ ಮೊದಲು ಭಟ್ಟರಿಗೆ ಲೆಕ್ಕ ಬದಲಿಸಲು ಸಾಧ್ಯ. ಆ ಹೊತ್ತಿನಲ್ಲಿ ಮನೆ ಯಜಮಾನರು ವಾಸ್ತು ಹೋಮಕ್ಕೆ ಕೂತಿರುತ್ತಾರೆ, ಫೋನು ಎತ್ತುವುದಿಲ್ಲ. ಅವರ ತಮ್ಮನಿಗೋ ಭಾವನಿಗೋ, ಅಡುಗೆಯ ಉಸ್ತುವಾರಿ ಯಾರದೋ ಅವರಿಗೇ ಹೇಳಿದರೆ ಸುದ್ದಿ ನೇರ ಒಲೆಯ ಹತ್ತಿರ ತಲುಪುತ್ತದೆ.